ಊರಿನ ಡಿಎಲ್‌ಗೆ ಬ್ರಿಟನ್ನಿನಲ್ಲಿ ಒಂದೇ ವರ್ಷ

ಹಾಸನದ ಹುಡುಗನೊಬ್ಬ ಓದಲೆಂದು 2024ರ ಸೆಪ್ಟೆಂಬರ್ 10ಕ್ಕೆ ಲೀಡ್ಸ್ ನಗರಕ್ಕೆ ಬಂದಿಳಿದ ಎಂದಿಟ್ಟುಕೊಳ್ಳಿ. ಜೇಬಿನಲ್ಲಿ ಹಾಸನದ ಆರ್‌ಟಿಒ ಕೊಟ್ಟ ಡಿಎಲ್ ಇದೆ, ಅದರ ಮೇಲೆ 2038ರವರೆಗೆ ಚಾಲ್ತಿ ಎಂದು ಅಚ್ಚಾಗಿದೆ. ಆದರೆ ಬ್ರಿಟನ್ನಿನಲ್ಲಿ ಆ ತಾರೀಖಿಗೆ ಬೆಲೆಯಿಲ್ಲ. ಕೆಲಸಕ್ಕೆ ಬಂದವರಿರಲಿ, ಓದಲು ಬಂದವರಿರಲಿ, ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ಭಾರತದ ಡಿಎಲ್‌ನಲ್ಲಿ ಕಾರು ಓಡಿಸಬಹುದು.

ಊರಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿ ತಂದರೆ ಅವಧಿ ಬೆಳೆಯುತ್ತದೆ ಎಂಬುದು ಹಲವರ ನಂಬಿಕೆ. ಬೆಳೆಯುವುದಿಲ್ಲ. ನಡುವೆ ರಜೆಗೆ ಊರಿಗೆ ಹೋಗಿ ಬಂದರೂ ಎಣಿಕೆ ಮತ್ತೆ ಒಂದರಿಂದ ಶುರುವಾಗುವುದಿಲ್ಲ. ಇನ್ನು ಆಸ್ಟ್ರೇಲಿಯಾ, ಜಪಾನಿನವರು ತಮ್ಮ ಲೈಸೆನ್ಸ್ ಕೊಟ್ಟು ಬ್ರಿಟಿಷ್ ಲೈಸೆನ್ಸ್ ಪಡೆಯಬಹುದು. ಆ ಪಟ್ಟಿಯಲ್ಲಿ ಭಾರತವಿಲ್ಲ. ಇಪ್ಪತ್ತು ವರ್ಷ ಶಿರಾಡಿ ಘಾಟಿ ಹತ್ತಿಳಿದವರೂ ಅಲ್ಲಿ ಎಲ್‌ಎಲ್‌ನಿಂದಲೇ ಶುರು ಮಾಡಬೇಕು.

ಅಲ್ಲಿ ಎಲ್‌ಎಲ್‌ಗೆ ಪ್ರಾವಿಷನಲ್ ಲೈಸೆನ್ಸ್ ಎನ್ನುತ್ತಾರೆ. ಅದನ್ನು ಬಂದ ಹೊಸದರಲ್ಲೇ ಮಾಡಿಸಿಕೊಳ್ಳಬಹುದು, ಥಿಯರಿ ಪರೀಕ್ಷೆಯನ್ನೂ ಮುಗಿಸಬಹುದು. ಅದು ಕೈಗೆ ಬಂತೆಂದು ಊರಿನ ಡಿಎಲ್ ಸತ್ತುಹೋಗುವುದಿಲ್ಲ. ವರ್ಷ ತುಂಬುವವರೆಗೆ ಒಬ್ಬರೇ ಕಾರು ಓಡಿಸಬಹುದು. ತೊಡಕು ಇರುವುದು ರಸ್ತೆಯ ಟೆಸ್ಟಿನಲ್ಲಿ. ನಮ್ಮ ಹುಡುಗ 185 ದಿನ ಅಲ್ಲಿ ವಾಸವಿದ್ದ ಮೇಲಷ್ಟೇ ಅದಕ್ಕೆ ಕೂರಬಹುದು, ಅಂದರೆ ಮಾರ್ಚ್ ಮಧ್ಯದ ಹೊತ್ತಿಗೆ. ಉಳಿಯುವುದು ಆರು ತಿಂಗಳು. ಟೆಸ್ಟಿನ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯುವ ಊರುಗಳಿವೆ. ಮಾರ್ಚಿನಲ್ಲಿ ಎಚ್ಚೆತ್ತು ಬುಕ್ ಮಾಡಲು ಕೂತರೆ ಆಗಸ್ಟಿಗೆ ಜಾಗ ಸಿಕ್ಕಿದರೆ ಅದೃಷ್ಟ. ಆ ಟೆಸ್ಟೊಂದು ಕೈಕೊಟ್ಟರೆ ವರ್ಷ ಮುಗಿದಂತೆಯೇ. ಥಿಯರಿ ಪಾಸಾಗದೆ ರಸ್ತೆ ಟೆಸ್ಟ್ ಬುಕ್ ಮಾಡಲು ಬರುವುದಿಲ್ಲವಾದ್ದರಿಂದ, ಡಿಸೆಂಬರಿನೊಳಗೇ ಥಿಯರಿ ಮುಗಿಸಿ ಮಾರ್ಚ್ ಕೊನೆಯ ದಿನಾಂಕ ಹಿಡಿದಿಡುವುದೇ ಜಾಣತನ.

ಕಾರು ಓಡಿಸಿ ಪಳಗಿದವರೇ ಆ ಟೆಸ್ಟಿನಲ್ಲಿ ಎಡವುವುದುಂಟು. ಎಡಬದಿಯ ಸಂಚಾರ ನಮಗೆ ಹೊಸದಲ್ಲ. ಕೈಕೊಡುವುದು ಕನ್ನಡಿ. ವೇಗ ತಗ್ಗಿಸುವ ಮೊದಲು, ಇಂಡಿಕೇಟರ್ ಹಾಕುವ ಮೊದಲು ಕನ್ನಡಿ ನೋಡಿದಿರೋ ಇಲ್ಲವೋ ಎಂದು ಪರೀಕ್ಷಕರು ಗಮನಿಸುತ್ತಾರೆ. ಹಾರ್ನ್ ನಂಬಿ ಓಡಿಸಿದ ಕಣ್ಣಿಗೆ ಆ ಅಭ್ಯಾಸವಿರುವುದಿಲ್ಲ. ಸಣ್ಣ ತಪ್ಪು 15ರವರೆಗೆ ನಡೆಯುತ್ತದೆ. ಗಂಭೀರವಾದದ್ದು ಒಂದಾದರೂ ಫೇಲು.

ವರ್ಷ ತುಂಬಿಯೂ ಪಾಸಾಗದಿದ್ದರೆ ಆ ಹುಡುಗ ಕಲಿಯುವವನಾಗುತ್ತಾನೆ. ಕಾರಿಗೆ ಬಿಳಿ ಹಲಗೆಯ ಕೆಂಪು ‘L’ ಅಂಟಿಸಿ, ಲೈಸೆನ್ಸ್ ಪಡೆದು ಕನಿಷ್ಠ 3 ವರ್ಷ ಆದ, 21 ದಾಟಿದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಇದನ್ನು ಮರೆತು ಒಬ್ಬನೇ ಹೊರಟರೆ ವಿಮೆಯೂ ಕೈಬಿಡಬಹುದು, ಪೊಲೀಸರು ಕಾರನ್ನೇ ಎಳೆದೊಯ್ಯಬಹುದು.