ಎಲೆಯೊಳಗೆ ಬೇಯುವ ಮಾಂಜಿ

ಪಾರ್ಸಿಗಳ ಮದುವೆಯೂಟದ ‘ಪಾತ್ರಾ ನಿ ಮಚ್ಛಿ’ಗೆ ಎಣ್ಣೆ ಅಷ್ಟಾಗಿ ಬೇಡ, ಹಬೆಯ ಅಂದಾಜು ಬೇಕು. ನಮ್ಮ ಕರಾವಳಿಯವರು ಮಾಂಜಿ ಎನ್ನುವ ಪಾಂಫ್ರೆಟ್ ಮೀನಿನ ತುಂಡುಗಳಿಗೆ ಉಪ್ಪು, ನಿಂಬೆರಸ ಸವರಿ, ಮೇಲೆ ತೆಂಗಿನತುರಿ, ಕೊತ್ತಂಬರಿ, ಹಸಿಮೆಣಸು, ಬೆಳ್ಳುಳ್ಳಿ ಅರೆದ ಚಟ್ನಿ ಮೆತ್ತುತ್ತಾರೆ. ಚಟ್ನಿ ಗಟ್ಟಿಯಾಗಿರಲಿ, ನೀರಾದರೆ ಪೊಟ್ಟಣದಿಂದ ಸೋರಿಹೋಗುತ್ತದೆ.

ಬಾಳೆ ಎಲೆಯ ದಂಟು ತೆಗೆದು ಉರಿಯ ಮೇಲೆ ಆಡಿಸಿ ಬಾಡಿಸಬೇಕು. ಮಂಕಾಗಿದ್ದ ಹಸಿರು ಥಟ್ಟನೆ ಹೊಳೆಯುತ್ತದೆ. ಅಲ್ಲಿಗೆ ಸಾಕು. ಬಾಡಿಸದ ಎಲೆ ಮಡಚುವಾಗಲೇ ಸೀಳುತ್ತದೆ. ಮಡಿಕೆ ಮೇಲೆ ಬರುವಂತೆ ದಾರದಿಂದ ಕಟ್ಟಿ.

ಇಡ್ಲಿ ಪಾತ್ರೆಯ ನೀರು ಚೆನ್ನಾಗಿ ಕುದಿದ ಮೇಲೆಯೇ ಪೊಟ್ಟಣ ಇಡಿ, ಆಮೇಲೆ ಉರಿ ಮಧ್ಯಮಕ್ಕೆ ಇಳಿಸಿ. ಉರಿ ಜೋರು ಮಾಡಿದರೆ ಮೀನು ಬೇಗ ಬೇಯುವುದಿಲ್ಲ. ಹಬೆಯ ಬಿಸಿ ಹೇಗೂ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ತಳದ ನೀರು ಮಾತ್ರ ಬತ್ತುತ್ತದೆ. ಎರಡು ಸೆಂಟಿಮೀಟರ್ ದಪ್ಪದ ತುಂಡಿಗೆ 12ರಿಂದ 15 ನಿಮಿಷ ಹಿಡಿಯುತ್ತದೆ. ಒಂದು ಪೊಟ್ಟಣ ಬಿಚ್ಚಿ ದಪ್ಪ ಭಾಗಕ್ಕೆ ಚಾಕುವಿನ ತುದಿ ಚುಚ್ಚಿ ನೋಡಿ. ಮಾಂಸ ಬೆಳ್ಳಗಾಗಿ ಎಸಳೆಸಳಾಗಿ ಬಿಟ್ಟುಕೊಂಡರೆ ಬೆಂದಿದೆ; ಗಾಜಿನಂತೆ ಕಂಡರೆ ಇನ್ನೆರಡು ನಿಮಿಷ.

ಎಲೆ ಸಿಗದ ಊರಿನಲ್ಲಿ ಫಾಯಿಲ್ ಆದೀತು, ಎಲೆಯ ಪರಿಮಳ ಮಾತ್ರ ಬರದು. ನಿಂಬೆಯ ಹುಳಿ ಅಲ್ಯೂಮಿನಿಯಂ ಅನ್ನು ತಿನ್ನುವುದರಿಂದ ಒಳಗೆ ಬೇಕಿಂಗ್ ಪೇಪರ್ ಹಾಸಿ. ಮೀನಿನ ಬದಲು ಕ್ಯಾರೆಟ್, ಬೀನ್ಸ್ ಇಡುವವರು ತೆಳ್ಳಗೆ ಹೆಚ್ಚಿ, 20 ನಿಮಿಷ ಕೊಡಿ.