ನೂರನೆಯ ಸ್ಥಾನಕ್ಕೆ ಇಡೀ ಪಟ್ಟಿ ಜೋಡಿಸಬೇಕೇ?

ಒಂದು ಪ್ರವೇಶ ಪರೀಕ್ಷೆಗೆ 10 ಲಕ್ಷ ಮಂದಿ ಕೂತಿದ್ದಾರೆ, ಇರುವ ಸೀಟು 100 ಎಂದುಕೊಳ್ಳಿ. ಆಡಳಿತಕ್ಕೆ ಮೊದಲು ತಿಳಿಯಬೇಕಾದದ್ದು ಒಂದೇ ಸಂಖ್ಯೆ: ಮೇಲಿನಿಂದ ನೂರನೆಯ ಅಂಕ ಎಷ್ಟು? ಕಂಪ್ಯೂಟರ್‌ಗೆ ಈ ಕೆಲಸ ಒಪ್ಪಿಸುವ ಹೆಚ್ಚಿನವರು ಎಲ್ಲ ಅಂಕಗಳನ್ನೂ ಇಳಿಕೆಯ ಕ್ರಮದಲ್ಲಿ ಜೋಡಿಸಿ, ನೂರನೆಯ ಸಾಲನ್ನು ಓದುತ್ತಾರೆ. ಉತ್ತರ ಸರಿಯಾಗಿಯೇ ಬರುತ್ತದೆ. ಆದರೆ ಕೊನೆಯ ಸಾಲಿನಲ್ಲಿರುವ ಇಬ್ಬರಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದನ್ನೂ ಕಂಪ್ಯೂಟರ್ ತೀರ್ಮಾನಿಸಿರುತ್ತದೆ. ಅದನ್ನು ಯಾರೂ ಕೇಳಿರಲಿಲ್ಲ.

ಕೇಳದ ಕೆಲಸವನ್ನು ಬಿಟ್ಟುಬಿಡುವ ದಾರಿಯನ್ನು ಬ್ರಿಟನ್ನಿನ ಗಣಕ ವಿಜ್ಞಾನಿ ಟೋನಿ ಹೋರ್ 1961ರಲ್ಲೇ ಪ್ರಕಟಿಸಿದರು. ಕ್ವಿಕ್‌ಸಾರ್ಟ್ ಎಂಬ ಹೆಸರಾಂತ ವಿಂಗಡಣಾ ವಿಧಾನವೂ ಅವರದೇ. ಅದರ ಜೊತೆಯಲ್ಲೇ ಬಂದ ‘ಫೈಂಡ್’ ಎಂಬ ಪುಟ್ಟ ಕ್ರಮವಿಧಿಗೆ ಇಂದು ಕ್ವಿಕ್‌ಸೆಲೆಕ್ಟ್ ಎಂಬ ಹೆಸರಿದೆ.

ಅದರ ನಡೆಯನ್ನು ಒಂಬತ್ತು ಅಂಕಗಳಲ್ಲಿ ನೋಡಬಹುದು: 62, 88, 45, 91, 73, 56, 97, 80, 69. ಇವುಗಳಲ್ಲಿ ಮೂರನೆಯ ದೊಡ್ಡ ಸಂಖ್ಯೆ ಬೇಕು. ಯಾವುದಾದರೂ ಒಂದು ಸಂಖ್ಯೆಯನ್ನು ಎತ್ತಿಕೊಳ್ಳಬೇಕು, ಇದೇ ಪಿವಟ್. 73 ಸಿಕ್ಕಿತು ಎನ್ನೋಣ. ಉಳಿದ ಎಂಟನ್ನೂ ಅದರೊಂದಿಗೆ ಒಂದೊಂದು ಸಲ ಹೋಲಿಸಿದರೆ 88, 91, 97, 80 ದೊಡ್ಡವರ ಗುಂಪಿಗೆ ಹೋಗುತ್ತವೆ, ಉಳಿದ ನಾಲ್ಕು ಚಿಕ್ಕವರ ಗುಂಪಿಗೆ. ದೊಡ್ಡವು ನಾಲ್ಕಿರುವಾಗ ಮೂರನೆಯದು ಅಲ್ಲೇ ಇರಬೇಕು. ಚಿಕ್ಕವರ ಗುಂಪನ್ನು ಇನ್ನು ಮುಟ್ಟಬೇಕಾಗಿಲ್ಲ.

ಈಗ ನಾಲ್ಕರಲ್ಲಿ 91 ಪಿವಟ್ ಆಗಲಿ. ಮೂರು ಹೋಲಿಕೆಗಳಾದ ಮೇಲೆ ಅದಕ್ಕಿಂತ ದೊಡ್ಡದು 97 ಒಂದೇ ಎಂದು ತಿಳಿಯುತ್ತದೆ. ಅಂದರೆ 91 ಎರಡನೆಯ ಸ್ಥಾನದಲ್ಲಿದೆ. ಬೇಕಾದದ್ದು ಮೂರನೆಯದಾದ್ದರಿಂದ, 88 ಮತ್ತು 80ರಲ್ಲಿ ದೊಡ್ಡದು ಯಾವುದು ಎಂದು ನೋಡಿದರೆ ಸಾಕು. ಇನ್ನೊಂದು ಹೋಲಿಕೆಗೆ 88 ಎಂಬ ಉತ್ತರ ಸಿಗುತ್ತದೆ. ಒಟ್ಟು ಹೋಲಿಕೆಗಳು 12. ಇದೇ ಒಂಬತ್ತನ್ನು ಪೂರ್ತಿ ಜೋಡಿಸಲು ಹೊರಟರೆ, ಎಂಥ ಜಾಣ ವಿಧಾನಕ್ಕೂ ಕೆಟ್ಟ ಸಂದರ್ಭದಲ್ಲಿ 19 ಹೋಲಿಕೆಗಳಾದರೂ ಬೇಕೇ ಬೇಕು.

ಒಂಬತ್ತರಲ್ಲಿ ಈ ಅಂತರ ಸಣ್ಣದು. ಹತ್ತು ಲಕ್ಷದಲ್ಲಿ ಅದು ಬಹಳ ಹಿಗ್ಗುತ್ತದೆ.

ಕಾರಣ ಹೀಗಿದೆ. ಕ್ವಿಕ್‌ಸಾರ್ಟ್ ಪಟ್ಟಿಯನ್ನು ಒಡೆದ ಮೇಲೆ ಎರಡೂ ತುಂಡುಗಳನ್ನು ಮತ್ತೆ ಒಡೆಯಬೇಕು. ಹಾಗಾಗಿ ಪ್ರತಿ ಹಂತದಲ್ಲೂ ಹೆಚ್ಚುಕಡಿಮೆ ಇಡೀ ಪಟ್ಟಿಯ ಮೇಲೆ ಕೈಯಾಡುತ್ತದೆ, ಅಂಥ ಹಂತಗಳು ಇಪ್ಪತ್ತಕ್ಕೂ ಹೆಚ್ಚು. 10 ಲಕ್ಷ ಬೇರೆ ಬೇರೆ ಅಂಕಗಳಿಗೆ ಸರಾಸರಿ ಸುಮಾರು 2.5 ಕೋಟಿ ಹೋಲಿಕೆಗಳಾಗುತ್ತವೆ. ಕ್ವಿಕ್‌ಸೆಲೆಕ್ಟ್ ಒಂದು ತುಂಡನ್ನು ಪ್ರತಿ ಸಲ ಕೈಬಿಡುತ್ತದೆ. ಪಟ್ಟಿ ಪ್ರತಿ ಸುತ್ತಿಗೂ ಅರ್ಧವಾಗುತ್ತಾ ಹೋದರೆ 10 ಲಕ್ಷ, 5 ಲಕ್ಷ, 2.5 ಲಕ್ಷ ಎಂದು ಕೂಡಿಸುತ್ತಾ ಹೋದರೂ ಮೊತ್ತ 20 ಲಕ್ಷ ಮುಟ್ಟುವುದಿಲ್ಲ. ಪಿವಟ್ ಯಾವಾಗಲೂ ನಟ್ಟನಡುವೆ ಬೀಳದ ಕಾರಣ ನಿಜವಾದ ಸರಾಸರಿ ಸ್ವಲ್ಪ ಹೆಚ್ಚು: ನೂರನೆಯ ಸ್ಥಾನಕ್ಕೆ ಸುಮಾರು 20 ಲಕ್ಷ, ಎಲ್ಲಕ್ಕಿಂತ ಕಷ್ಟವಾದ ನಟ್ಟನಡುವಿನ ಸ್ಥಾನಕ್ಕೆ ಸುಮಾರು 34 ಲಕ್ಷ ಹೋಲಿಕೆಗಳು.

ಹೀಪ್ ಎಂಬ ಮೂರನೆಯ ದಾರಿಯೂ ಇದೆ. ಇಲ್ಲಿ ಇದುವರೆಗೆ ಕಂಡ ಅತಿ ದೊಡ್ಡ 100 ಅಂಕಗಳನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಅವುಗಳಲ್ಲಿ ಅತಿ ಚಿಕ್ಕದು ಸದಾ ಹೀಪಿನ ತುದಿಯಲ್ಲಿ ಇರುವಂತೆ ವ್ಯವಸ್ಥೆ ಮಾಡಿರುತ್ತಾರೆ. ಹೊಸ ಅಂಕ ಬಂದಾಗ ತುದಿಯ ಅಂಕದೊಂದಿಗೆ ಹೋಲಿಸಬೇಕು. ಹೊಸದು ಚಿಕ್ಕದಾಗಿದ್ದರೆ ಅಲ್ಲಿಗೇ ಬಿಡಬೇಕು, ದೊಡ್ಡದಾಗಿದ್ದರೆ ತುದಿಯದನ್ನು ತೆಗೆದು ಅದನ್ನು ಸೇರಿಸಿ, ಹೀಪನ್ನು ಮತ್ತೆ ಸರಿಪಡಿಸಬೇಕು. ನೂರು ಅಂಕಗಳ ಹೀಪಿನಲ್ಲಿ ಒಂದು ರಿಪೇರಿಗೆ ಹೆಚ್ಚೆಂದರೆ 12 ಹೋಲಿಕೆಗಳು.

ಅಂಕಗಳು ಕಲಸಿದ ಕ್ರಮದಲ್ಲಿ ಬರುತ್ತಿದ್ದರೆ ಇಂಥ ರಿಪೇರಿ ಎಷ್ಟು ಸಲ ಬೇಕಾಗುತ್ತದೆ? ಆರಂಭದಲ್ಲಿ ಆಗಾಗ, ಆಮೇಲೆ ತೀರಾ ಅಪರೂಪಕ್ಕೆ. ಲಕ್ಷಗಟ್ಟಲೆ ಅಂಕಗಳನ್ನು ಕಂಡ ಮೇಲೆ ಹೊಸದೊಂದು ಮೊದಲ ನೂರರೊಳಗೆ ನುಗ್ಗುವುದು ಸುಲಭವಲ್ಲ. ಲೆಕ್ಕ ಹಾಕಿದರೆ 10 ಲಕ್ಷ ಅಂಕಗಳಿಗೆ ಸರಾಸರಿ ಸುಮಾರು 920 ಸಲ ಮಾತ್ರ. ಒಟ್ಟು ಖರ್ಚು 10 ಲಕ್ಷಕ್ಕಿಂತ ತುಸುವೇ ಹೆಚ್ಚು, ಅಂದರೆ ಕ್ವಿಕ್‌ಸೆಲೆಕ್ಟ್‌ನ ಅರ್ಧದಷ್ಟು! ಪುಸ್ತಕದ ಸೂತ್ರಗಳನ್ನಷ್ಟೇ ಓದಿ, ಹೀಪ್ ಯಾವಾಗಲೂ ಹಿಂದೆ ಬೀಳುತ್ತದೆ ಎಂದು ನಂಬಿದವರು ಇದನ್ನು ಗಮನಿಸಬೇಕು. ಆ ಸೂತ್ರಗಳು ಹೇಳುವುದು ಕೆಟ್ಟ ಸಂದರ್ಭವನ್ನು. ಅಂಕಗಳು ಏರಿಕೆಯ ಕ್ರಮದಲ್ಲೇ ಬಂದರೆ ಪ್ರತಿ ಅಂಕಕ್ಕೂ ರಿಪೇರಿ ಬೇಕಾಗಿ ಹೋಲಿಕೆಗಳು 1.3 ಕೋಟಿಯವರೆಗೆ ಏರಬಹುದು. ನಡುವಿನ ಸ್ಥಾನ ಬೇಕಾದಾಗಲೂ ಹೀಪ್ ಸೋಲುತ್ತದೆ. ಐದು ಲಕ್ಷ ಅಂಕಗಳನ್ನು ಹಿಡಿದಿಟ್ಟುಕೊಂಡು ಲಕ್ಷಾಂತರ ಸಲ ಸರಿಪಡಿಸುವಷ್ಟರಲ್ಲಿ ಹೋಲಿಕೆಗಳು ಒಂದು ಕೋಟಿಯ ಆಸುಪಾಸಿಗೆ ಬರುತ್ತವೆ.

ಕ್ವಿಕ್‌ಸೆಲೆಕ್ಟ್ ಎಡವುವ ಜಾಗಗಳು ಎರಡು. ಮೊದಲನೆಯದು ಪಿವಟ್ ಆಯ್ಕೆ. ಪ್ರತಿ ಸಲ ಪಟ್ಟಿಯ ಮೊದಲ ಸಂಖ್ಯೆಯನ್ನೇ ಪಿವಟ್ ಮಾಡಿಕೊಂಡು, ಪಟ್ಟಿ ಮೊದಲೇ ಏರಿಕೆಯ ಕ್ರಮದಲ್ಲಿದ್ದರೆ, ಒಂದು ಸುತ್ತಿಗೆ ಒಂದೇ ಸಂಖ್ಯೆ ಕಳಚುತ್ತದೆ. 10 ಲಕ್ಷದ ಪಟ್ಟಿಯಲ್ಲಿ ಅತಿ ದೊಡ್ಡದನ್ನು ತಲುಪಲು ಸುಮಾರು 50 ಸಾವಿರ ಕೋಟಿ ಹೋಲಿಕೆಗಳಾಗುತ್ತವೆ. ಪಿವಟ್ಟನ್ನು ಯಾದೃಚ್ಛಿಕವಾಗಿ ಆರಿಸಿದರೆ ಪಟ್ಟಿ ಯಾವ ಕ್ರಮದಲ್ಲಿದ್ದರೂ ಸರಾಸರಿ ಕೆಡುವುದಿಲ್ಲ. ಎರಡನೆಯದು ಒಂದೇ ಬೆಲೆಯ ಸಂಖ್ಯೆಗಳು. ಒಂದು ಲಕ್ಷ ಮಂದಿಗೆ ಒಂದೇ ಅಂಕ ಬಂದಿದ್ದು, ಪ್ರೋಗ್ರಾಂ ಸಮನಾದವುಗಳನ್ನೆಲ್ಲ ಒಂದೇ ಕಡೆಗೆ ತಳ್ಳುತ್ತಿದ್ದರೆ, ಆ ಗುಂಪೊಂದಕ್ಕೇ 500 ಕೋಟಿಯವರೆಗೆ ಹೋಲಿಕೆಗಳಾಗಬಹುದು. ದೊಡ್ಡವು, ಸಮನಾದವು, ಚಿಕ್ಕವು ಎಂದು ಮೂರು ಗುಂಪು ಮಾಡುವುದೇ ಇದಕ್ಕೆ ಮದ್ದು. ರೋಗ ಪತ್ತೆಹಚ್ಚುವುದು ಸುಲಭ: ಪ್ರತಿ ಸುತ್ತಿನ ಕೊನೆಗೆ ಎಷ್ಟು ಸಂಖ್ಯೆಗಳು ಉಳಿದಿವೆ ಎಂದು ಮುದ್ರಿಸಿ ನೋಡಬೇಕು. ಅದು ಒಂದೊಂದೇ ಇಳಿಯುತ್ತಿದ್ದರೆ ತಪ್ಪು ಈ ಎರಡರಲ್ಲಿ ಒಂದು.

ಅದೃಷ್ಟವನ್ನು ನೆಚ್ಚದೆ ಖಾತರಿ ಕೊಡುವ ವಿಧಾನವನ್ನು 1973ರಲ್ಲಿ ಬ್ಲಮ್, ಫ್ಲಾಯ್ಡ್, ಪ್ರ್ಯಾಟ್, ರಿವೆಸ್ಟ್, ಟಾರ್ಜನ್ ಎಂಬ ಐವರು ಪ್ರಕಟಿಸಿದರು. ಐದೈದರ ಗುಂಪುಗಳ ನಡುವಿನ ಸಂಖ್ಯೆಗಳನ್ನು ಹುಡುಕಿ, ಅವುಗಳ ನಡುವಿನದನ್ನೇ ಪಿವಟ್ ಮಾಡುವ ಉಪಾಯ ಅದು. ಆದರೆ ಪಿವಟ್ ಹುಡುಕುವ ಖರ್ಚೇ ದುಬಾರಿಯಾಗಿ, ದಿನಬಳಕೆಯಲ್ಲಿ ಅದು ನಿಧಾನ. 1997ರಲ್ಲಿ ಡೇವಿಡ್ ಮಸ್ಸರ್ ಎರಡನ್ನೂ ಹೊಂದಿಸಿದರು: ಕ್ವಿಕ್‌ಸೆಲೆಕ್ಟ್‌ನಿಂದಲೇ ಆರಂಭಿಸಿ, ಅದು ಹದ ತಪ್ಪುತ್ತಿದೆ ಎನಿಸಿದಾಗ ಮಾತ್ರ ಖಾತರಿಯ ವಿಧಾನಕ್ಕೆ ಹೊರಳುವುದು. ನಂಪೈಯ `numpy.partition` ಇದೇ ಇಂಟ್ರೊಸೆಲೆಕ್ಟ್ ವಿಧಾನದಲ್ಲಿ ಕೆಲಸ ಮಾಡುತ್ತದೆ. ಸಿ++ ಬಳಸುವವರಿಗೆ `std::nth_element`, ಪೈಥಾನ್‌ನಲ್ಲಿ ಹೀಪ್ ಬೇಕೆನ್ನುವವರಿಗೆ `heapq.nlargest` ಇದೆ.

ಹಾಗಾದರೆ ಯಾವುದು ಮೇಲು? ಅಂಕಗಳು ಒಂದೊಂದಾಗಿ ಹರಿದುಬರುತ್ತಿದ್ದರೆ, ಅಥವಾ ಇಡೀ ಪಟ್ಟಿ ಮೆಮೊರಿಯಲ್ಲಿ ಹಿಡಿಸದಿದ್ದರೆ, ಬೇಕಾದ ಸ್ಥಾನವೂ ಮೇಲುಗಡೆಯೇ ಇದ್ದರೆ ಹೀಪ್. ಪಟ್ಟಿ ಪೂರ್ತಿ ಕೈಯಲ್ಲಿದ್ದು, ಅದರ ಕ್ರಮ ಕಲಕಿದರೂ ತೊಂದರೆಯಿಲ್ಲದೆ, ನಡುವೆಲ್ಲೋ ಇರುವ ಒಂದು ಸ್ಥಾನ ಬೇಕಿದ್ದರೆ ಕ್ವಿಕ್‌ಸೆಲೆಕ್ಟ್. ಪ್ರತಿಯೊಬ್ಬರ ರ‍್ಯಾಂಕ್ ಮುದ್ರಿಸಬೇಕಾದಾಗ ಮಾತ್ರ ಪೂರ್ತಿ ವಿಂಗಡಣೆ. ಬರೀ ಮೊದಲ ನೂರು ಮಂದಿಯ ರ‍್ಯಾಂಕ್ ಪಟ್ಟಿ ಸಾಕೆನ್ನುವವರು ಮೊದಲು ಆ ನೂರನ್ನು ಬೇರ್ಪಡಿಸಿ, ಆಮೇಲೆ ಅವಿಷ್ಟನ್ನೇ ಜೋಡಿಸಿಕೊಳ್ಳಲಿ. ಅದಕ್ಕೆ ಹೆಚ್ಚುವರಿಯಾಗಿ ಬೇಕಾಗುವುದು ಕೆಲವು ನೂರು ಹೋಲಿಕೆಗಳಷ್ಟೇ.