ಕದಲದ ಎರಡು ಬೆರಳು

ಓಯಸಿಸ್ ತಂಡದ 1995ರ ‘ವಂಡರ್‌ವಾಲ್’ ಹಾಡಿನ ಗಿಟಾರ್ ನುಡಿಸುವವರ ಎಡಗೈಯನ್ನು ಗಮನಿಸಿ. ತೋರುಬೆರಳು, ನಡುಬೆರಳು ಜಾಗ ಬದಲಿಸುತ್ತವೆ. ಉಂಗುರಬೆರಳು, ಕಿರುಬೆರಳು ಕದಲುವುದೇ ಇಲ್ಲ. ಎರಡನೇ ಫ್ರೆಟ್‌ಗೆ ಬಿಗಿದ ಕೇಪೋದಿಂದ ಎಣಿಸಿದರೆ, ತೆಳುವಾದ ಎರಡು ತಂತಿಗಳ ಮೂರನೇ ಮನೆಯಲ್ಲಿ ಅವು ಕೂತಿರುತ್ತವೆ. ಆ ಸ್ವರಗಳು ಡಿ ಮತ್ತು ಜಿ.

ಹೀಗೆ ಕಾರ್ಡ್‌ಗಳು ಬದಲಾದರೂ ಉಳಿಯುವ ಸ್ವರಕ್ಕೆ ಪೆಡಲ್ ಪಾಯಿಂಟ್ ಎನ್ನುತ್ತಾರೆ. ಆರ್ಗನ್ ವಾದಕರು ಕಾಲಿನ ಪೆಡಲ್ ಒತ್ತಿ ಮಂದ್ರ ಸ್ವರವೊಂದನ್ನು ಹಿಡಿದಿಡುತ್ತಿದ್ದರಿಂದ ಬಂದ ಹೆಸರಿದು. ನಮ್ಮ ತಂಬೂರಿಯೂ ಸ್ವರ ಹಿಡಿದಿಡುತ್ತದೆ, ಆದರೆ ಅಲ್ಲಿ ಷಡ್ಜವೇ ಅಚಲವಾದ ನೆಲೆ. ಇಲ್ಲಿ ನೆಲೆಯೇ ಸರಿಯುತ್ತದೆ.

ಹಾಗಾಗಿ ಒಂದೇ ಸ್ವರದ ಅರ್ಥ ಬದಲಾಗುತ್ತದೆ. ಜಿ ಸ್ವರವನ್ನೇ ನೋಡಿ. ಮೊದಲ ಕಾರ್ಡ್ ಇ ಮೈನರ್ ಸೆವೆನ್‌ನಲ್ಲಿ ಅದು ಮೂರನೆಯ ಸ್ವರ. ವಿಷಾದ ತರುವುದು ಅದೇ. ಮುಂದಿನ ಜಿ ಕಾರ್ಡ್‌ನಲ್ಲಿ ಅದೇ ಮೂಲಸ್ವರ, ಮನೆಗೆ ಬಂದ ನೆಮ್ಮದಿ. ಡಿ ಸಸ್ ಫೋರ್‌ನಲ್ಲಿ ನಾಲ್ಕನೆಯದಾಗಿ ತೂಗಾಡುತ್ತದೆ. ಎ ಸೆವೆನ್ ಸಸ್ ಫೋರ್‌ನಲ್ಲಿ ಏಳನೆಯದಾಗಿ ಮುಂದಕ್ಕೆ ತಳ್ಳುತ್ತದೆ.

ಎಲ್ಲ ಕಾರ್ಡ್‌ಗೂ ಇದು ಒಗ್ಗದು. ಕೆಳಗೆ ಬಿ ಮೇಜರ್ ಹಿಡಿದರೆ ಅದರ ಡಿ ಶಾರ್ಪ್ ಮೇಲಿನ ಡಿಗೆ ಅರ್ಧ ಸ್ವರದ ಅಂತರದಲ್ಲಿ ಕರ್ಕಶವಾಗಿ ತಿಕ್ಕುತ್ತದೆ.

ಕಲಿಯುವವರು ಕಾರ್ಡ್ ಬದಲಿಸುವಾಗ ಎಲ್ಲ ಬೆರಳನ್ನೂ ಎತ್ತಿಬಿಡುತ್ತಾರೆ. ಆಗ ಮೇಲಿನ ನಾದ ಕ್ಷಣಕಾಲ ತುಂಡಾಗುತ್ತದೆ. ತೆಳು ತಂತಿಗಳೆರಡನ್ನೇ ಮೀಟುತ್ತಾ ಕೆಳಗಿನ ಬೆರಳು ಬದಲಿಸಿ ನೋಡಿ: ನಾದ ಕಡಿಯದಿದ್ದರೆ ಹಿಡಿತ ಸರಿಯಾಗಿದೆ.